ಸ್ಟೀರಿಂಗಿಗೆ ಯಾವ ಆಯಿಲ್?

ಹೋಂಡಾ ಸಿಟಿ ಎಂಬ ಒಂದೇ ಹೆಸರಿನ ಎರಡು ಹಳೆಯ ಕಾರುಗಳನ್ನು ಪಕ್ಕಪಕ್ಕ ನಿಲ್ಲಿಸಿ ಬಾನೆಟ್ ಎತ್ತಿ ನೋಡಿ. ಒಂದು 1998ರಲ್ಲಿ ನಮ್ಮ ದೇಶಕ್ಕೆ ಬಂದ ಮೊದಲ ಮಾದರಿ, ಇನ್ನೊಂದು 2003ರಲ್ಲಿ ಬಂದ ಎರಡನೆಯದು. ಮೊದಲನೆಯದರಲ್ಲಿ ಎಂಜಿನ್ನಿನ ಪಕ್ಕ ಬೆಲ್ಟಿನಿಂದ ತಿರುಗುವ ಒಂದು ಪಂಪ್, ಅದಕ್ಕೆ ಆಯಿಲ್ ಕೊಡುವ ಸಣ್ಣ ಪ್ಲಾಸ್ಟಿಕ್ ಡಬ್ಬಿ, ಅಲ್ಲಿಂದ ಕೆಳಗಿಳಿಯುವ ರಬ್ಬರ್ ಪೈಪುಗಳು ಕಾಣುತ್ತವೆ. ಎರಡನೆಯದರಲ್ಲಿ ಇದ್ಯಾವುದೂ ಇಲ್ಲ. ಎರಡೂ ಪವರ್ ಸ್ಟೀರಿಂಗ್ ಇರುವ ಕಾರುಗಳೇ. ಮೊದಲನೆಯದು ಆಯಿಲ್ ಒತ್ತಡದಿಂದ ಚಕ್ರ ತಿರುಗಿಸುತ್ತದೆ, ಎರಡನೆಯದು ಕರೆಂಟ್ ಮೋಟಾರಿನಿಂದ.

ಹಳೆಯ ಕಾರು ಕೊಂಡವರಿಗೆ ಈ ವ್ಯತ್ಯಾಸ ಮೊದಲ ಸರ್ವಿಸ್ ಬಿಲ್ಲಿನಲ್ಲೇ ಎದುರಾಗುತ್ತದೆ. ಆಯಿಲೇ ಇಲ್ಲದ ಕಾರಿಗೆ 'ಪವರ್ ಸ್ಟೀರಿಂಗ್ ಆಯಿಲ್ ಟಾಪ್ ಅಪ್' ಎಂದು ದುಡ್ಡು ಬರೆದ ಬಿಲ್ಲುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ದುಡ್ಡಿನ ನಷ್ಟ ಅಷ್ಟೇ. ಆಯಿಲ್ ಇರುವ ಕಾರಿಗೆ ತಪ್ಪು ಆಯಿಲ್ ಹಾಕಿದರೆ ಆಗುವ ನಷ್ಟ ನಿಧಾನವಾದದ್ದು ಮತ್ತು ದೊಡ್ಡದು. ಅದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಪಂಪೋ ಸ್ಟೀರಿಂಗ್ ರ್ಯಾಕೋ ಹೋಗಿರುತ್ತದೆ.

ಆಯಿಲ್ ಆ ಪೈಪುಗಳೊಳಗೆ ಏನು ಮಾಡುತ್ತದೆ ಎಂದು ಮೊದಲು ನೋಡೋಣ. ಆಯಿಲ್ ಆರಿಸುವ ನಿಯಮಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ಅಮೆರಿಕದ ಪಿಯರ್ಸ್ ಆ್ಯರೋ ಕಂಪನಿಯಲ್ಲಿದ್ದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಹೈಡ್ರಾಲಿಕ್ ಪವರ್ ಸ್ಟೀರಿಂಗನ್ನು ಕಾರಿಗೆ ಕೂರಿಸಿ ಓಡಿಸಿ ತೋರಿಸಿದ್ದರು. ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಅಂದಿನಿಂದ ಮೂಲ ತತ್ವ ಹೆಚ್ಚೇನೂ ಬದಲಾಗಿಲ್ಲ. ಸ್ಟೀರಿಂಗ್ ಕಂಬದ ತುದಿಯಲ್ಲಿ ಟಾರ್ಷನ್ ಬಾರ್ ಎಂಬ ತೆಳುವಾದ ಉಕ್ಕಿನ ಕಡ್ಡಿ ಇರುತ್ತದೆ. ನಾವು ಸ್ಟೀರಿಂಗ್ ತಿರುಗಿಸಿದಾಗ, ಟೈರು ರಸ್ತೆಯನ್ನು ಕಚ್ಚಿ ಹಿಡಿದಿರುವುದರಿಂದ, ಈ ಕಡ್ಡಿ ಕೆಲವು ಡಿಗ್ರಿಗಳಷ್ಟು ತಿರುಚಿಕೊಳ್ಳುತ್ತದೆ. ಅಷ್ಟು ತಿರುಚಿದರೆ ಸಾಕು, ಅದರ ಸುತ್ತ ಇರುವ ವಾಲ್ವಿನ ಸಂದುಗಳು ಒಂದು ಕಡೆ ತೆರೆದು ಇನ್ನೊಂದು ಕಡೆ ಮುಚ್ಚಿಕೊಳ್ಳುತ್ತವೆ. ಪಂಪ್ ಕಳಿಸುವ ಆಯಿಲ್ ತೆರೆದ ಕಡೆಗೆ ನುಗ್ಗಿ ರ್ಯಾಕ್ ಒಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಎಡಕ್ಕೆ ತಿರುಗಿಸಿದರೆ ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಕೈ ಬಿಟ್ಟರೆ ಕಡ್ಡಿ ನೆಟ್ಟಗಾಗುತ್ತದೆ, ವಾಲ್ವ್ ಸಮನಾಗುತ್ತದೆ, ಆಯಿಲ್ ಸುಮ್ಮನೆ ಸುತ್ತು ಹೊಡೆದು ಡಬ್ಬಿಗೆ ಮರಳುತ್ತದೆ.

ಈ ವ್ಯವಸ್ಥೆಯೊಳಗೆ ಇರುವ ಆಯಿಲ್ ಎಲ್ಲ ಸೇರಿ ಸಾಮಾನ್ಯ ಕಾರಿನಲ್ಲಿ ಒಂದು ಲೀಟರಿನ ಆಸುಪಾಸು. ಅದರ ಮೇಲೆ ಬೀಳುವ ಒತ್ತಡ ಮಾತ್ರ ಸಣ್ಣದಲ್ಲ. ಟೈರಿಗೆ ನಾವು ತುಂಬಿಸುವ ಗಾಳಿ ಎರಡು ಬಾರ್ ಚಿಲ್ಲರೆ ಇದ್ದರೆ, ಸ್ಟೀರಿಂಗನ್ನು ಕೊನೆ ಮುಟ್ಟಿಸಿ ಹಿಡಿದಾಗ ಪಂಪಿನ ಪೈಪಿನಲ್ಲಿ ಎಂಬತ್ತು ಬಾರ್ ದಾಟುವುದುಂಟು. ಆಗ ಪಂಪಿನ ರಿಲೀಫ್ ವಾಲ್ವ್ ತೆರೆದುಕೊಂಡು ಆಯಿಲ್ ಒಂದು ಸಣ್ಣ ರಂಧ್ರದಲ್ಲಿ ಪದೇಪದೇ ತೂರಿ ಬಿಸಿಯೇರುತ್ತದೆ. ಇಕ್ಕಟ್ಟಾದ ಪಾರ್ಕಿಂಗಿನಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಹಾಗೇ ಹಿಡಿದು ನಿಂತಾಗ ಕೇಳುವ ನರಳಿಕೆ ಅದೇ. ಹಾಗೆ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯದಿರುವುದು ಒಳ್ಳೆಯದು.

ಇಂಥ ಒತ್ತಡವನ್ನು ಹಿಡಿದು ನಿಲ್ಲಿಸಿರುವುದು ರಬ್ಬರ್. ಪಂಪಿನ ಶಾಫ್ಟ್ ಸುತ್ತ, ವಾಲ್ವಿನ ಸುತ್ತ, ರ್ಯಾಕಿನ ಎರಡೂ ತುದಿಗಳಲ್ಲಿ ಆಯಿಲ್ ಸೀಲುಗಳಿರುತ್ತವೆ. ಸಾಮಾನ್ಯವಾಗಿ ಇವು ನೈಟ್ರೈಲ್ ಜಾತಿಯ ರಬ್ಬರು. ಯಾವುದೇ ರಬ್ಬರು ಆಯಿಲಿನಲ್ಲಿ ನೆನೆದಾಗ ಅದನ್ನು ಒಂದಿಷ್ಟು ಹೀರಿಕೊಂಡು ಉಬ್ಬುತ್ತದೆ. ಕಂಪನಿಯವರು ಸೀಲನ್ನು ವಿನ್ಯಾಸ ಮಾಡುವಾಗ ಆ ಉಬ್ಬನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಅಂದರೆ ಸೀಲಿನ ಸರಿಯಾದ ಅಳತೆ ಎಂಬುದು ಆಯಿಲ್ ಹೀರಿದ ಮೇಲಿನ ಅಳತೆ. ಆಯಿಲ್ ಬದಲಾದರೆ ಅಳತೆಯೂ ಬದಲಾಗುತ್ತದೆ. ಹೆಚ್ಚು ಉಬ್ಬಿದ ಸೀಲು ಮೆತ್ತಗಾಗಿ ಸವೆಯುತ್ತದೆ, ಕಡಿಮೆ ಉಬ್ಬಿದ್ದು ಗಟ್ಟಿಯಾಗಿ ಕುಗ್ಗಿ ಸೋರುತ್ತದೆ. 'ಎಲ್ಲ ಆಯಿಲೂ ಆಯಿಲೇ ಅಲ್ವಾ' ಎಂಬ ಮಾತು ಗ್ಯಾರೇಜುಗಳಲ್ಲಿ ಸುಲಭವಾಗಿ ಓಡಾಡುತ್ತದೆ. ಅದು ಯಾಕೆ ನಿಜವಲ್ಲ ಎಂಬುದಕ್ಕೆ ನನಗೆ ಕಾಣುವ ಮುಖ್ಯ ಕಾರಣ ಈ ರಬ್ಬರು.

ಕರೆಂಟ್ ಸ್ಟೀರಿಂಗಿನಲ್ಲೂ ಟಾರ್ಷನ್ ಬಾರ್ ಇದೆ. ಅದು ಎಷ್ಟು ತಿರುಚಿತು ಎಂಬುದನ್ನು ಒಂದು ಸೆನ್ಸರ್ ಅಳೆಯುತ್ತದೆ, ಪುಟ್ಟ ಕಂಪ್ಯೂಟರ್ ಕಾರಿನ ವೇಗವನ್ನೂ ನೋಡಿಕೊಂಡು ಮೋಟಾರಿಗೆ ಎಷ್ಟು ಕರೆಂಟ್ ಕೊಡಬೇಕೆಂದು ನಿರ್ಧರಿಸುತ್ತದೆ. 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಎಂಬ ಸಣ್ಣ ಕಾರಿನಲ್ಲಿ ಇದು ಮೊದಲು ಬಂತು. ಅದೇ ಸುಜುಕಿಯ ನಂಟಿನಿಂದಾಗಿ ನಮ್ಮಲ್ಲೂ ಮಾರುತಿಯ ಸಣ್ಣ ಕಾರುಗಳು ಬೇಗನೆ ಈ ದಾರಿ ಹಿಡಿದವು. ಹಳೆಯ ವ್ಯಾಗನ್ ಆರ್, 2005ರ ಸ್ವಿಫ್ಟ್ ಇವುಗಳಲ್ಲಿ ಪವರ್ ಸ್ಟೀರಿಂಗ್ ಇದ್ದರೆ ಅದು ಕರೆಂಟಿನದು. ಇವುಗಳಿಗೆ ಸ್ಟೀರಿಂಗ್ ಆಯಿಲ್ ಎಂಬುದೇ ಇಲ್ಲ. ಸ್ಟೀರಿಂಗ್ ಭಾರವಾದರೆ ಮೊದಲು ನೋಡಬೇಕಾದದ್ದು ಟೈರಿನ ಗಾಳಿ, ಆಮೇಲೆ ಬ್ಯಾಟರಿ. ಕಾರು ನಿಂತಿದ್ದಾಗ ಸ್ಟೀರಿಂಗ್ ತಿರುಗಿಸಿದರೆ ಈ ಮೋಟಾರು ಹತ್ತಾರು ಆಂಪಿಯರ್ ಎಳೆಯುತ್ತದೆ. ವಯಸ್ಸಾದ ಬ್ಯಾಟರಿ, ತುಕ್ಕು ಹಿಡಿದ ಅರ್ಥ್ ವೈರು ಅದನ್ನು ಕೊಡಲಾರದೆ ಕೈಕೊಟ್ಟಾಗ ಡ್ಯಾಶ್‌ಬೋರ್ಡಿನಲ್ಲಿ ಇಪಿಎಸ್ ದೀಪ ಹತ್ತುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಇದೆಯೇ ಎಂದು ಮೀಟರ್ ಹಿಡಿದು ನೋಡದೆ ಮೋಟಾರು ಬದಲಿಸಲು ಒಪ್ಪಿಕೊಳ್ಳಬೇಡಿ.

ಇವೆರಡರ ನಡುವೆ ಮೂರನೆಯ ಜಾತಿ ಒಂದಿದೆ. ಸ್ಕೋಡಾ ಫ್ಯಾಬಿಯಾದಂಥ ಕೆಲವು ಯುರೋಪಿನ ಕಾರುಗಳಲ್ಲಿ ಚಕ್ರ ತಳ್ಳುವುದು ಆಯಿಲೇ, ಆದರೆ ಪಂಪ್ ತಿರುಗಿಸುವುದು ಎಂಜಿನ್ ಬೆಲ್ಟ್ ಅಲ್ಲ, ಕರೆಂಟ್ ಮೋಟಾರು. ಬೆಲ್ಟಿನಲ್ಲಿ ಪಂಪ್ ಕಾಣಲಿಲ್ಲವೆಂದು ಇದನ್ನು ಆಯಿಲ್ ಇಲ್ಲದ ಕಾರು ಅಂದುಕೊಂಡವರು ಬಹಳ. ಪಂಪು, ಮೋಟಾರು, ಡಬ್ಬಿ ಮೂರೂ ಒಂದೇ ಗಂಟಾಗಿ ಮುಂದಿನ ಬಂಪರಿನ ಕಡೆ ಕೆಳಗೆ ಅಡಗಿ ಕೂತಿರುತ್ತವೆ. ಹಾಗಾಗಿ ಬೆಲ್ಟನ್ನು ಹುಡುಕಬೇಡಿ, ಸ್ಟೀರಿಂಗ್ ಚಕ್ರದ ಚಿತ್ರವಿರುವ ಮುಚ್ಚಳವನ್ನು ಹುಡುಕಿ. ಮುಚ್ಚಳ ಇದ್ದರೆ ಆಯಿಲ್ ಇದೆ.

ಇನ್ನು ಆಯಿಲಿನ ವಿಷಯ. ನಮ್ಮ ರಸ್ತೆಗಳಲ್ಲಿ ಈಗಲೂ ಓಡುತ್ತಿರುವ ಹೈಡ್ರಾಲಿಕ್ ಸ್ಟೀರಿಂಗಿನ ಕಾರುಗಳನ್ನು ಮೂರು ಮನೆತನಗಳಾಗಿ ನೋಡಬಹುದು.

ಮೊದಲನೆಯದು ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆಂದು ತಯಾರಾದ ಕೆಂಪು ಆಯಿಲ್. ಟೊಯೋಟಾ ಕಂಪನಿ ಇನೋವಾದಂಥ ತನ್ನ ಹಳೆಯ ಗಾಡಿಗಳ ಸ್ಟೀರಿಂಗಿಗೆ ಹೇಳುವುದು ಡೆಕ್ಸ್‌ರಾನ್ 2 ಅಥವಾ 3 ದರ್ಜೆಯ ಎಟಿಎಫ್. ಗೇರ್‌ಬಾಕ್ಸ್ ಮ್ಯಾನುಯಲ್ ಆಗಿದ್ದರೂ ಸ್ಟೀರಿಂಗಿಗೆ ಬೇಕಾದದ್ದು ಇದೇ. ಡೆಕ್ಸ್‌ರಾನ್ ಎಂಬುದು ಜನರಲ್ ಮೋಟಾರ್ಸ್ ಕಂಪನಿ ಬರೆದ ಗುಣಮಟ್ಟದ ಹೆಸರು. ಡೆಕ್ಸ್‌ರಾನ್ 3ಕ್ಕೆ ಪರವಾನಗಿ ಕೊಡುವುದನ್ನು ಅದು 2006ರ ಕೊನೆಗೆ ನಿಲ್ಲಿಸಿ, ಡೆಕ್ಸ್‌ರಾನ್ 6ಕ್ಕೆ ಹೋಯಿತು. ಹಾಗಾಗಿ ಇವತ್ತು ಅಂಗಡಿಯಲ್ಲಿ ಸಿಗುವ ಬಾಟಲಿಯ ಮೇಲೆ ಡೆಕ್ಸ್‌ರಾನ್ 3 ಎಂದಿದ್ದರೆ ಅದು ಆಯಿಲ್ ಕಂಪನಿ ತನ್ನ ಜವಾಬ್ದಾರಿಯ ಮೇಲೆ ಹೇಳುತ್ತಿರುವ ಮಾತು, ಜನರಲ್ ಮೋಟಾರ್ಸ್ ಪರೀಕ್ಷಿಸಿ ಕೊಟ್ಟ ಮುದ್ರೆಯಲ್ಲ. ಕೊಳ್ಳುವುದು ತಪ್ಪಲ್ಲ, ಆದರೆ ಹೆಸರು ಕೇಳದ ಬ್ರ್ಯಾಂಡಿನ ಸಡಿಲ ಆಯಿಲನ್ನು ಡ್ರಮ್ಮಿನಿಂದ ಹಿಡಿಸಿಕೊಂಡು ಬರುವುದಕ್ಕಿಂತ ಹೆಸರಿರುವ ಕಂಪನಿಯ ಸೀಲ್ ಮಾಡಿದ ಬಾಟಲಿ ಕೊಳ್ಳುವುದಕ್ಕೆ ಇದು ಸಾಕಷ್ಟು ಕಾರಣ.

ಎರಡನೆಯದು ಕಾರು ಕಂಪನಿಗಳು ತಮ್ಮ ಸ್ಟೀರಿಂಗಿಗೆಂದೇ ಹೇಳಿರುವ ಆಯಿಲ್. ಹೋಂಡಾದ ಪಿಎಸ್‌ಎಫ್ ಇದರಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಿನದು. ಹಳೆಯ ಹೋಂಡಾ ಕಾರುಗಳ ಕೈಪಿಡಿಯಲ್ಲಿ ಹೋಂಡಾ ಪಿಎಸ್‌ಎಫ್ ಮಾತ್ರ ಹಾಕಿ, ತುರ್ತಿಗೆ ಬೇರೆ ಬ್ರ್ಯಾಂಡಿನ ಸ್ಟೀರಿಂಗ್ ಆಯಿಲ್ ಹಾಕಿದರೆ ಬೇಗ ಅದನ್ನು ತೆಗೆಸಿ ಸರಿಯಾದದ್ದು ತುಂಬಿಸಿ, ಎಟಿಎಫ್ ಮಾತ್ರ ತುರ್ತಿಗೂ ಬೇಡ ಎಂದು ಹೇಳಿರುತ್ತಾರೆ. ಹ್ಯುಂಡೈ ಹಳೆಯ ಕಾರುಗಳಿಗೆ ಪಿಎಸ್‌ಎಫ್ 3, ಆಮೇಲಿನ ಕೆಲವಕ್ಕೆ ಪಿಎಸ್‌ಎಫ್ 4 ಎನ್ನುತ್ತದೆ. ಹೆಸರಿನಲ್ಲಿ ಒಂದು ಅಂಕಿಯ ವ್ಯತ್ಯಾಸ ಇರುವುದರಿಂದ ಒಂದು ಇನ್ನೊಂದರ ಸುಧಾರಿತ ರೂಪ ಎಂದುಕೊಳ್ಳಬಾರದು. ಇವೆರಡೂ ಬೇರೆ ಬೇರೆ, ಬೆರೆಸುವಂಥವಲ್ಲ.

ಮೂರನೆಯದು ಜರ್ಮನ್ ಕಾರುಗಳ ಹಸಿರು ಸಿಂಥೆಟಿಕ್ ಆಯಿಲ್. ಪೆಂಟೋಸಿನ್ ಸಿಎಚ್‌ಎಫ್ 11ಎಸ್ ಇದರ ಪ್ರಸಿದ್ಧ ಹೆಸರು. ಇದು ಎಟಿಎಫ್‌ಗಿಂತ ತುಂಬ ತೆಳು. ಹಿಮ ಬೀಳುವ ದೇಶಗಳಲ್ಲಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೂ ಗಟ್ಟಿಯಾಗದೆ ಹರಿಯಲೆಂದು ಮಾಡಿದ್ದು. ನಮ್ಮ ಮಡಿಕೇರಿಯ ಚಳಿಗೂ ಅಷ್ಟು ಬೇಕಿಲ್ಲ, ಹಾಗಾದರೆ ಕೆಂಪನ್ನೇ ಹಾಕಿದರೆ ಏನು ಎಂಬ ವಾದ ನಾನು ಕೇಳಿದ್ದೇನೆ. ಆ ಕಾರಿನ ಸೀಲುಗಳೂ ಪಂಪೂ ಹಸಿರು ಆಯಿಲಿಗೆಂದೇ ಆರಿಸಿದವು ಎಂಬುದಷ್ಟೇ ಅದಕ್ಕೆ ಉತ್ತರ. ಬಿಎಂಡಬ್ಲ್ಯು ಕಾರುಗಳಲ್ಲಂತೂ ಒಂದೇ ಮಾದರಿಯ ಕೆಲವು ಗಾಡಿಗಳಿಗೆ ಕೆಂಪು, ಕೆಲವಕ್ಕೆ ಹಸಿರು ಇರುವುದುಂಟು. ಯಾವುದು ಎಂಬುದನ್ನು ಡಬ್ಬಿಯ ಮುಚ್ಚಳದ ಮೇಲೆ ಎಟಿಎಫ್ ಅಥವಾ ಸಿಎಚ್‌ಎಫ್ ಎಂದು ಅಚ್ಚೊತ್ತಿಯೇ ಇರುತ್ತಾರೆ.

ಈ ಮುಚ್ಚಳವನ್ನು ನಂಬಿ, ಬಣ್ಣವನ್ನು ನಂಬಬೇಡಿ. ಬಣ್ಣ ಎಂಬುದು ಆಯಿಲಿಗೆ ಹಾಕಿದ ಡೈ, ಗುಣವಲ್ಲ. ಸ್ಟೀರಿಂಗ್ ಆಯಿಲಿಗೆ ಇಂಥ ಬಣ್ಣವೇ ಇರಬೇಕೆಂಬ ಕಾನೂನು ಎಲ್ಲೂ ಇಲ್ಲ. ಅದರ ಮೇಲೆ ಹಳೆಯ ಕಾರಿನಲ್ಲಿ ಯಾವ ಬಣ್ಣದ ಆಯಿಲೂ ಕೊನೆಗೆ ಕಂದು ಕಪ್ಪಾಗುತ್ತದೆ. 'ಈಗ ಇರೋದು ಕೆಂಪು, ಅದಕ್ಕೆ ಕೆಂಪು ಹಾಕಿದೆ' ಎಂಬುದರಲ್ಲಿ ಒಂದು ದೊಡ್ಡ ಊಹೆ ಅಡಗಿದೆ. ಹಿಂದಿನ ಮಾಲೀಕರು ಸರಿಯಾದದ್ದನ್ನೇ ಹಾಕಿದ್ದರು ಎಂಬ ಊಹೆ. ಅದು ಸುಳ್ಳಾದರೆ ಏನಾಗುತ್ತದೆ ಎಂಬುದನ್ನು ಹಾಸನದ ನನ್ನ ಸ್ನೇಹಿತರೊಬ್ಬರ ಕಾರಿನಲ್ಲಿ ಹತ್ತಿರದಿಂದ ನೋಡಿದೆ.

ಅವರು ಕೊಂಡದ್ದು 2001ರ ಸಿಟಿ, ಮೂರನೆಯ ಕೈ. ಬೆಳಿಗ್ಗೆ ಗಾಡಿ ತೆಗೆದು ಗೇಟಿನ ಹತ್ತಿರ ತಿರುಗಿಸುವಾಗ ಎಂಜಿನ್ ಕಡೆಯಿಂದ ಗುಂಯ್ ಎಂದು ಎಳೆಯುವ ಸದ್ದು, ಸ್ಟೀರಿಂಗ್ ಅಲ್ಲಲ್ಲಿ ತಡೆದು ತಡೆದು ತಿರುಗುವುದು. ಹತ್ತು ನಿಮಿಷ ಓಡಿದ ಮೇಲೆ ಸ್ವಲ್ಪ ಕಡಿಮೆ. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಪಂಪ್ ಹೋಗಿದೆ, ಬದಲಾಯಿಸಬೇಕು ಎಂದರು. ಅಷ್ಟು ಹಳೆಯ ಕಾರಿಗೆ ಹೊಸ ಪಂಪ್ ಸಿಗುವುದು ಕಷ್ಟ, ಸ್ಕ್ರ್ಯಾಪಿನದು ತಂದರೆ ಅದರ ಗತಿ ಏನೋ. ಎರಡನೆಯ ಮೆಕ್ಯಾನಿಕ್ ವಯಸ್ಸಾದವರು. "ಪಂಪ್ ಆಮೇಲೆ ನೋಡಣ ಸಾರ್, ಮೊದ್ಲು ಆಯಿಲ್ ಏನೈತೆ ನೋಡಣ" ಎಂದು ಟಾರ್ಚ್ ಹಿಡಿದು ಮುಚ್ಚಳ ತೆಗೆದರು.

ಡಬ್ಬಿಯೊಳಗೆ ಗುಲಾಬಿ ಬಣ್ಣದ ನೊರೆ. ಎಂಜಿನ್ ಓಡುತ್ತಿದ್ದಾಗ ಆಯಿಲ್ ಮಟ್ಟ ಎಲ್ಲಿದೆಯೆಂದು ಡಬ್ಬಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆದು ಎಂಜಿನ್ ಆಫ್ ಮಾಡಿಸಿದರು. ಮಟ್ಟ ಗೆರೆಯಿಂದ ಮೇಲಕ್ಕೆ, ಹೆಚ್ಚುಕಡಿಮೆ ಬೆರಳಿನಗಲ ಏರಿ ನಿಂತಿತು. ಇದು ಯಾರೂ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ, ಕಂಪನಿಗಳ ವರ್ಕ್‌ಶಾಪ್ ಪುಸ್ತಕಗಳಲ್ಲೂ ಇದೆ. ಆಯಿಲಿನಲ್ಲಿ ಗಾಳಿ ಸೇರಿದ್ದರೆ ಓಡುವಾಗ ಆ ಗಾಳಿ ಒತ್ತಡಕ್ಕೆ ಸಿಕ್ಕಿ ಕುಗ್ಗಿರುತ್ತದೆ, ನಿಂತ ಕೂಡಲೇ ಹಿಗ್ಗಿ ಆಯಿಲನ್ನು ಮೇಲಕ್ಕೆ ನೂಕುತ್ತದೆ. ಟೊಯೋಟಾ ಪುಸ್ತಕಗಳು ಐದು ಮಿಲಿಮೀಟರಿಗಿಂತ ಹೆಚ್ಚು ಏರಬಾರದು ಎನ್ನುತ್ತವೆ. ಇಲ್ಲಿ ಅದರ ಎರಡರಷ್ಟಾದರೂ ಏರಿತ್ತು. ಸದ್ದು ಪಂಪಿನದಲ್ಲ, ಪಂಪ್ ಗಾಳಿ ನುಂಗುತ್ತಿರುವುದರದು.

ಗಾಳಿ ಎಲ್ಲಿಂದ ಬಂತು? ಹೊರಗೆಲ್ಲೂ ಆಯಿಲ್ ಸೋರಿದ ಗುರುತಿರಲಿಲ್ಲ. ಅದರಿಂದಲೇ ಮೆಕ್ಯಾನಿಕ್ಕಿಗೆ ಜಾಗ ಗೊತ್ತಾಯಿತು. ಪಂಪಿನಿಂದ ರ್ಯಾಕಿಗೆ ಹೋಗುವ ಪೈಪಿನಲ್ಲಿ ಒತ್ತಡವಿದೆ, ಅಲ್ಲಿ ಸೀಲು ಕೆಟ್ಟರೆ ಆಯಿಲ್ ಹೊರಗೆ ಚಿಮ್ಮುತ್ತದೆ. ಡಬ್ಬಿಯಿಂದ ಪಂಪಿಗೆ ಬರುವ ಪೈಪಿನಲ್ಲಿ ಇರುವುದು ಎಳೆತ. ಅಲ್ಲಿ ಸೀಲು ಕೆಟ್ಟರೆ ಆಯಿಲ್ ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಪಂಪಿನ ಬಾಯಿಯಲ್ಲಿ ಆ ಪೈಪ್ ಕೂರುವ ಕಡೆ ಒಂದು ಸಣ್ಣ ಓ-ರಿಂಗ್ ಇದೆ. ಬಿಚ್ಚಿ ಅಂಗೈ ಮೇಲೆ ಇಟ್ಟು ತೋರಿಸಿದರು. ದುಂಡಗಿರಬೇಕಾದ ರಬ್ಬರು ಚಪ್ಪಟೆಯಾಗಿ, ಉಗುರಿನಿಂದ ಒತ್ತಿದರೂ ತಗ್ಗದಷ್ಟು ಗಟ್ಟಿಯಾಗಿತ್ತು. ಇಪ್ಪತ್ತು ವರ್ಷದ ಬಿಸಿ ಅದಕ್ಕೆ ಮುಖ್ಯ ಕಾರಣವೇ ಆಗಿರಬಹುದು. ಆದರೆ ಹಳೆಯ ಬಿಲ್ಲುಗಳ ಕಟ್ಟಿನಲ್ಲಿ ಹಿಂದಿನ ಮಾಲೀಕರು ಎರಡು ಸಲ ಎಟಿಎಫ್ ಟಾಪ್ ಅಪ್ ಮಾಡಿಸಿದ್ದೂ ಇತ್ತು. ಹೋಂಡಾ ಬೇಡವೆಂದ ಆಯಿಲ್ ಅದೇ. ಡಬ್ಬಿಯ ಗುಲಾಬಿ ಬಣ್ಣ ಬಂದದ್ದು ಅಲ್ಲಿಂದ.

ಓ-ರಿಂಗ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಒಳಗಿನ ಬೆರಕೆ ಆಯಿಲನ್ನು ಹೊರಗೆ ಹಾಕುವುದೇ ಹೆಚ್ಚು ಹೊತ್ತು ಹಿಡಿಯಿತು. ಸಿರಿಂಜಿನಿಂದ ಡಬ್ಬಿಯಲ್ಲಿರುವುದನ್ನು ಎಳೆದು ಹೊಸದು ತುಂಬಿದರೆ ಸಾಲದೇ ಎಂದು ಸ್ನೇಹಿತರು ಕೇಳಿದರು. ಲೆಕ್ಕ ಹಾಕಿ ನೋಡಿ. ಒಟ್ಟು ಒಂದು ಲೀಟರ್, ಡಬ್ಬಿಯಲ್ಲಿ ಇರುವುದು ಸುಮಾರು 300 ಮಿಲಿ ಎಂದುಕೊಳ್ಳೋಣ. ಒಂದು ಸಲ ಬದಲಿಸಿದರೆ ಹಳೆಯದು ನೂರಕ್ಕೆ 70 ಒಳಗೇ ಉಳಿಯಿತು. ಐದು ಸಲ, ಪ್ರತಿ ಸಲವೂ ನಡುವೆ ಗಾಡಿ ಓಡಿಸಿ ಬೆರೆಸಿ ಬದಲಿಸಿದರೂ ನೂರಕ್ಕೆ 17 ಉಳಿಯುತ್ತದೆ. ಎಂಟು ಸಲವಾದರೆ 6ಕ್ಕೆ ಇಳಿಯುತ್ತದೆ. ಆಯಿಲ್ ಜಾತಿ ಸರಿಯಿದ್ದು ಬರೀ ಹಳತಾಗಿದ್ದರೆ ಸಿರಿಂಜಿನ ದಾರಿ ಚೆನ್ನಾಗಿಯೇ ಇದೆ, ಮನೆಯಲ್ಲೇ ಮಾಡಿಕೊಳ್ಳಬಹುದು. ಜಾತಿಯೇ ತಪ್ಪಿದ್ದರೆ ಪೂರ್ತಿ ತೆಗೆಯುವುದು ವಾಸಿ.

ಅವರು ಮಾಡಿದ್ದು ಹೀಗೆ. ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಜಾಕ್ ಹಾಕಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟರು. ಡಬ್ಬಿಗೆ ಮರಳಿ ಬರುವ ರಿಟರ್ನ್ ಪೈಪನ್ನು ಬಿಚ್ಚಿ ಅದರ ತುದಿಯನ್ನು ಒಂದು ಖಾಲಿ ನೀರಿನ ಬಾಟಲಿಗೆ ಇಳಿಸಿ, ಡಬ್ಬಿಯಲ್ಲಿ ಆ ಪೈಪ್ ಇದ್ದ ಬಾಯಿಯನ್ನು ರಬ್ಬರ್ ಬಿರಡೆಯಿಂದ ಮುಚ್ಚಿದರು. ಎಂಜಿನ್ ಆಫ್ ಇರುವಾಗಲೇ ಸ್ನೇಹಿತರು ಒಳಗೆ ಕೂತು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸುತ್ತ ಹೋದರು. ಒಂದೊಂದು ತಿರುಗಣೆಗೂ ರ್ಯಾಕಿನ ಪಿಸ್ಟನ್ ಹಳೆಯ ಆಯಿಲನ್ನು ಬಾಟಲಿಗೆ ತಳ್ಳುತ್ತದೆ. ಡಬ್ಬಿ ಬರಿದಾಗಲು ಬಿಡದೆ ಮೆಕ್ಯಾನಿಕ್ ಹೊಸ ಪಿಎಸ್‌ಎಫ್ ಹೊಯ್ಯುತ್ತಿದ್ದರು. ಮೊದಲು ಬಂದದ್ದು ಚಹಾದ ಡಿಕಾಕ್ಷನ್ನಿನಂಥ ಬಣ್ಣ, ಆಮೇಲೆ ಮಸುಕು ಕೆಂಪು, ಕೊನೆಗೆ ಹೊಸ ಬಾಟಲಿಯಲ್ಲಿದ್ದಂತೆ ತಿಳಿಹಳದಿ. ಎರಡು ಲೀಟರ್ ಹತ್ತಿರ ಹಿಡಿಯಿತು. ಬಾಟಲಿಯ ತಳದಲ್ಲಿ ಕಪ್ಪು ಪುಡಿ ಕೂತಿತ್ತು, ಸವೆದ ರಬ್ಬರು. ಬಿಳಿ ಕಾಗದದ ಮೇಲೆ ಒಂದು ತೊಟ್ಟು ಹಾಕಿ ಬಿಸಿಲಿಗೆ ಹಿಡಿದು ಲೋಹದ ಮಿನುಗು ಇದೆಯೇ ಎಂದು ನೋಡಿದರು. ಇರಲಿಲ್ಲ. ಇದ್ದಿದ್ದರೆ ಪಂಪ್ ನಿಜವಾಗಿಯೂ ಒಳಗೆ ಸವೆದಿದೆ ಎಂದರ್ಥ, ಆಗ ಮೊದಲ ಗ್ಯಾರೇಜಿನವರ ಮಾತು ಸರಿಯಾಗುತ್ತಿತ್ತು.

ಪೈಪ್ ಮತ್ತೆ ಜೋಡಿಸಿದ ಮೇಲೆ ಕೂಡಲೇ ಎಂಜಿನ್ ಹಾಕಲಿಲ್ಲ. ಚಕ್ರ ಮೇಲಿರುವಾಗಲೇ ಇನ್ನೂ ಹತ್ತಾರು ಸಲ ನಿಧಾನವಾಗಿ ತಿರುಗಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಕಾದರು. ಗುಳ್ಳೆ ಇರುವಾಗ ಎಂಜಿನ್ ಹಾಕಿದರೆ ಪಂಪ್ ಅದನ್ನು ಕಡೆದು ನೊರೆ ಮಾಡುತ್ತದೆ, ಆಮೇಲೆ ಆ ನೊರೆ ಇಳಿಯಲು ರಾತ್ರಿಯೆಲ್ಲ ಕಾಯಬೇಕು. ಎಂಜಿನ್ ಹಾಕಿದಾಗ ಸದ್ದು ಅರ್ಧ ಹೋಗಿತ್ತು, ಮಾರನೆಯ ದಿನಕ್ಕೆ ಪೂರ್ತಿ ಹೋಯಿತು. ಮಟ್ಟ ನೋಡುವಾಗ ಒಂದು ಎಚ್ಚರ: ಕೆಲವು ಡಬ್ಬಿಗಳ ಮೇಲೆ ಹಾಟ್, ಕೋಲ್ಡ್ ಎಂದು ಎರಡು ಗುರುತಿರುತ್ತದೆ. ರಾತ್ರಿ ನಿಂತ ಗಾಡಿಗೆ ಕೋಲ್ಡ್ ಗೆರೆ, ಅರ್ಧ ಗಂಟೆ ಓಡಿದ ಗಾಡಿಗೆ ಹಾಟ್ ಗೆರೆ. ತಣ್ಣಗಿರುವಾಗ ಹಾಟ್ ಗೆರೆಯವರೆಗೆ ತುಂಬಿಸಿದರೆ ಬಿಸಿಯಾದಾಗ ಮುಚ್ಚಳದಿಂದ ಉಕ್ಕಿ ಬೆಲ್ಟಿನ ಮೇಲೆ ಬೀಳುತ್ತದೆ.

ಆಯಿಲ್ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೋ ನಿಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೋ ಹೋದಾಗ 'ಪವರ್ ಸ್ಟೀರಿಂಗ್ ಆಯಿಲ್ ಕೊಡಿ' ಎಂದು ಕೇಳಿದರೆ ಕೈಗೆ ಸಿಕ್ಕಿದ ಬಾಟಲಿ ಕೊಡುತ್ತಾರೆ, ಬಹುಮಟ್ಟಿಗೆ ಕೆಂಪಿನದು. ಅದಕ್ಕಿಂತ ಮುಚ್ಚಳದ ಮೇಲಿರುವುದನ್ನು ಫೋನಿನಲ್ಲಿ ಫೋಟೊ ಹಿಡಿದುಕೊಂಡು ಹೋಗಿ, ಆ ಹೆಸರಿನಿಂದಲೇ ಕೇಳಿ. ಮುಚ್ಚಳದ ಮೇಲೆ ಅಕ್ಷರ ಅಳಿಸಿದ್ದರೆ ಮಾಲೀಕರ ಕೈಪಿಡಿಯ ಕೊನೆಯ ಪುಟಗಳಲ್ಲಿ ಆಯಿಲುಗಳ ಪಟ್ಟಿ ಇರುತ್ತದೆ. ಕೈಪಿಡಿ ಕಳೆದಿದ್ದರೆ ಕಂಪನಿಯ ಷೋರೂಮಿನ ಬಿಡಿಭಾಗದ ಕೌಂಟರಿನಲ್ಲಿ ಚಾಸಿಸ್ ನಂಬರ್ ಕೊಟ್ಟು ಕೇಳಿ. ಎಲ್ಲ ಕಾರಿಗೂ ಆಗುತ್ತದೆ ಎಂದು ಮುಂದೆ ದೊಡ್ಡದಾಗಿ ಬರೆದ ಬಾಟಲಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ನಿಮಗೆ ಬೇಕಾದ ಹೆಸರು, ಅಂದರೆ ಡೆಕ್ಸ್‌ರಾನ್ 3, ಹೋಂಡಾ ಪಿಎಸ್‌ಎಫ್, ಪಿಎಸ್‌ಎಫ್ 3, ಸಿಎಚ್‌ಎಫ್ 11ಎಸ್ ಇವುಗಳಲ್ಲೊಂದು, ಅಲ್ಲಿ ಸ್ಪಷ್ಟವಾಗಿ ಇದ್ದರೆ ಸರಿ. ಇಲ್ಲದಿದ್ದರೆ ಮುಂದಿನ ದೊಡ್ಡ ಅಕ್ಷರಕ್ಕೆ ಬೆಲೆ ಇಲ್ಲ.

ಬ್ರೇಕ್ ಆಯಿಲಿನ ವಿಷಯವನ್ನು ಹೇಳದೆ ಇರಲಾಗದು, ಏಕೆಂದರೆ ಇದು ಜೀವದ ಪ್ರಶ್ನೆ. ಬಾನೆಟ್ಟಿನಡಿ ಎರಡೂ ಡಬ್ಬಿಗಳು ಹೆಚ್ಚುಕಡಿಮೆ ಒಂದೇ ಗಾತ್ರದವು. ಬ್ರೇಕ್ ಆಯಿಲ್ ಎಂದು ನಾವು ಕರೆಯುವ ಡಾಟ್ 3, ಡಾಟ್ 4 ದ್ರವ ಎಣ್ಣೆಯೇ ಅಲ್ಲ, ಗ್ಲೈಕಾಲ್ ಮೂಲದ್ದು. ಅದು ಸ್ಟೀರಿಂಗಿಗೆ ಹೋದರೆ ಅಲ್ಲಿನ ಸೀಲುಗಳನ್ನು ಹಾಳುಮಾಡುತ್ತದೆ. ಅದಕ್ಕಿಂತ ಭಯಂಕರವಾದದ್ದು ತಿರುಗುಮುರುಗು. ಬ್ರೇಕಿನ ರಬ್ಬರು ಬೇರೆಯೇ ಜಾತಿಯದು, ಎಣ್ಣೆ ತಾಗಿದರೆ ವಿಪರೀತ ಊದಿಕೊಳ್ಳುತ್ತದೆ. ಒಂದು ಮುಚ್ಚಳದಷ್ಟು ಸ್ಟೀರಿಂಗ್ ಆಯಿಲ್ ಬ್ರೇಕ್ ಡಬ್ಬಿಗೆ ಬಿದ್ದರೂ ಗಾಡಿ ಓಡಿಸಬೇಡಿ, ಬ್ರೇಕ್ ಪೆಡಲನ್ನೂ ಒತ್ತಬೇಡಿ, ಟೋ ಮಾಡಿಸಿ. ಒತ್ತಿದರೆ ಆಯಿಲ್ ಪೈಪುಗಳಿಗೆ ಇಳಿದು, ಮಾಸ್ಟರ್ ಸಿಲಿಂಡರಿನಿಂದ ಹಿಡಿದು ನಾಲ್ಕೂ ಚಕ್ರಗಳ ರಬ್ಬರು ಬದಲಿಸಬೇಕಾಗುತ್ತದೆ. ಟಾಪ್ ಅಪ್ ಮಾಡಿಸುವಾಗ ಹುಡುಗರ ಕೈಗೆ ಬಾಟಲಿ ಕೊಟ್ಟು ಮೊಬೈಲ್ ನೋಡುತ್ತ ನಿಲ್ಲಬೇಡಿ, ಯಾವ ಮುಚ್ಚಳ ತೆಗೆಯುತ್ತಾರೆ ಎಂದು ನೋಡಿ.

ಸರಿಯಾದ ಆಯಿಲ್ ಹಾಕಿದ ಮೇಲೂ ಮಟ್ಟ ಇಳಿಯುತ್ತ ಹೋದರೆ ಏನು? ಸ್ಟೀರಿಂಗ್ ಆಯಿಲ್ ಎಂಜಿನ್ ಆಯಿಲಿನಂತೆ ಸುಟ್ಟು ಖರ್ಚಾಗುವುದಿಲ್ಲ. ಇಳಿಯಿತೆಂದರೆ ಎಲ್ಲೋ ಸೋರಿದೆ. ಒತ್ತಡದ ಪೈಪಿನಲ್ಲಿ ರಬ್ಬರು ಲೋಹಕ್ಕೆ ಸೇರುವ ಕಡೆ ಒದ್ದೆಯಾಗಿದ್ದರೆ ಪೈಪ್ ಬದಲಿಸಿದರಾಯಿತು. ಎಲ್ಲೂ ಒದ್ದೆ ಕಾಣದಿದ್ದರೆ ರ್ಯಾಕಿನ ಎರಡು ತುದಿಯಲ್ಲಿರುವ ಮಡಿಕೆ ಮಡಿಕೆಯ ರಬ್ಬರ್ ಬೂಟುಗಳನ್ನು ಕೆಳಗಿನಿಂದ ಹಿಸುಕಿ ನೋಡಿ. ಒಳಗೆ ಆಯಿಲ್ ತುಂಬಿಕೊಂಡು ಲೊಚಲೊಚ ಎಂದರೆ ರ್ಯಾಕಿನ ಒಳಸೀಲು ಹೋಗಿದೆ. ಸೋರಿಕೆ ನಿಲ್ಲಿಸುತ್ತದೆಂದು ಮಾರುವ ಸ್ಟಾಪ್ ಲೀಕ್ ದ್ರಾವಣಗಳು ಮಾಡುವುದು ಸೀಲನ್ನು ಇನ್ನಷ್ಟು ಉಬ್ಬಿಸುವ ಕೆಲಸ. ಒಣಗಿ ಕುಗ್ಗಿದ ಸೀಲಿಗೆ ಕೆಲವು ತಿಂಗಳು ಅದು ನೆರವಾಗಬಹುದು. ಹರಿದ ಸೀಲಿಗೆ ಏನೂ ಮಾಡದು, ಒಳ್ಳೆಯ ಸೀಲುಗಳನ್ನೂ ಮೆತ್ತಗೆ ಮಾಡುತ್ತದೆ. ಇಟ್ಟುಕೊಳ್ಳಬೇಕೆಂದಿರುವ ಕಾರಿಗೆ ನಾನಂತೂ ಅದನ್ನು ಹಾಕಿಸುವುದಿಲ್ಲ.

ರ್ಯಾಕ್ ಬಿಚ್ಚಿ ಸೀಲ್ ಕಿಟ್ ಹಾಕಿಸುವುದು ಹೊಸ ರ್ಯಾಕಿಗಿಂತ ತುಂಬ ಅಗ್ಗ, ನಮ್ಮ ಊರುಗಳಲ್ಲಿ ಅದನ್ನು ಚೆನ್ನಾಗಿ ಮಾಡುವ ಕೈಗಳೂ ಇವೆ. ಕಿಟ್ ಕೊಳ್ಳುವ ಮೊದಲು ಬಿಚ್ಚಿದ ರ್ಯಾಕಿನ ಹೊಳೆಯುವ ದಂಡವನ್ನು ಬೆಳಕಿಗೆ ಹಿಡಿಸಿ, ಸೀಲು ಓಡಾಡುವ ಜಾಗದಲ್ಲಿ ಉಗುರು ಎಳೆದು ನೋಡಿ. ಬೂಟು ಹರಿದು ನೀರು ಹೋಗಿದ್ದ ಕಾರುಗಳಲ್ಲಿ ಅಲ್ಲಿ ತುಕ್ಕಿನ ಸಣ್ಣ ಗುಳಿಗಳಿರುತ್ತವೆ. ಉಗುರಿಗೆ ತಡೆಯಿತೆಂದರೆ ಆ ದಂಡದ ಮೇಲೆ ಹೊಸ ಸೀಲು ಬಹಳ ದಿನ ಬಾಳುವುದಿಲ್ಲ. ಆಗ ದಂಡವನ್ನು ಉಜ್ಜಿ ಕ್ರೋಮ್ ಹಾಕಿಸುವುದೋ ಬೇರೆ ರ್ಯಾಕ್ ಹುಡುಕುವುದೋ, ಎರಡರಲ್ಲೊಂದು.